ಯಾಕೆ ಎಂದು ಕೇಳಿದ ಅರ್ಜಿ

ನಾನು ಅಧೀಕ್ಷಕಿಯಾಗಿ ಬಡ್ತಿ ಪಡೆದು ಕಲಬುರಗಿಯ ಆ ಕಚೇರಿಗೆ ಬಂದಾಗ ಕುರ್ಚಿಯ ಜೊತೆಗೆ ಒಂದು ಫಲಕವೂ ನನ್ನ ಪಾಲಿಗೆ ಬಂತು. ಮೇಜಿನ ಮೂಲೆಯಲ್ಲಿ ‘ಸಾರ್ವಜನಿಕ ಮಾಹಿತಿ ಅಧಿಕಾರಿ’ ಎಂದು ಬರೆದಿದ್ದ ಕರಿ ಹಲಗೆ ಅದು. ನನಗಿಂತ ಮೊದಲು ಆ ಕುರ್ಚಿಯಲ್ಲಿ ಕೂತಿದ್ದವರು ಬೀದರಕ್ಕೆ ವರ್ಗವಾಗಿ ಹೋಗುವಾಗ ಅದರ ಮೇಲಿನ ಧೂಳನ್ನು ಕರವಸ್ತ್ರದಿಂದ ಒರೆಸುತ್ತ, “ಮೇಡಂ, ಇದೊಂದು ಹಲಗಿ ಮಾತ್ರ ನಿದ್ದಿ ಕೆಡಸ್ತದ ನೋಡ್ರಿ” ಅಂದಿದ್ದರು. ನಾನು ನಕ್ಕಿದ್ದೆ.

ಸಂಘ ಸಂಸ್ಥೆಗಳನ್ನು ನೋಂದಣಿ ಮಾಡುವುದು ನಮ್ಮ ಕೆಲಸ. ಮಹಿಳಾ ಮಂಡಳ, ಯುವಕ ಸಂಘ, ಶಾಲೆ ನಡೆಸುವ ಸಂಸ್ಥೆ, ಭಜನಾ ಸಂಘ, ಹೀಗೆ ಏಳು ಜನ ಸೇರಿ ಒಂದು ಒಳ್ಳೆಯ ಉದ್ದೇಶ ಬರೆದುಕೊಂಡು, ಅದಕ್ಕೆ ನಿಯಮಾವಳಿ ಮಾಡಿಕೊಂಡು ಬಂದರೆ, ನೋಡಿ, ಸರಿಯಿದ್ದರೆ ಪ್ರಮಾಣಪತ್ರ ಕೊಡಬೇಕು. ಆಗ ಅರ್ಜಿಯ ಸಂಖ್ಯೆ, ಸ್ಥಿತಿ, ಗಡುವು ಮಾತ್ರ ಕಂಪ್ಯೂಟರಿಗೆ ಹೋಗುತ್ತಿದ್ದವು, ಉಳಿದದ್ದೆಲ್ಲ ಇನ್ನೂ ಕಾಗದದಲ್ಲೇ ನಡೆಯುತ್ತಿತ್ತು. ಅರ್ಜಿ ತೆಗೆದುಕೊಂಡ ದಿನವೇ ಒಂದು ಸ್ವೀಕೃತಿ ಚೀಟಿ ಕೊಡುತ್ತಿದ್ದೆವು. ಯಾವ ತಾರೀಖಿನೊಳಗೆ ಕೆಲಸ ಮುಗಿಯಬೇಕು ಎಂಬುದು ಅದರ ಮೇಲೇ ಅಚ್ಚಾಗಿರುತ್ತಿತ್ತು. ಜನ ಆ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡು ಬರುತ್ತಿದ್ದರು.

ನಾನು ಬಂದ ಎರಡನೆಯ ತಿಂಗಳು ಕಮಲಾಪುರದಿಂದ ರಿಜಿಸ್ಟರ್ಡ್ ಅಂಚೆಯಲ್ಲಿ ಮಾಹಿತಿ ಹಕ್ಕಿನ ಒಂದು ಅರ್ಜಿ ಬಂತು. ಟಪಾಲು ನೋಡುವ ಹುಡುಗಿ ಮೊಹರು ಒತ್ತಿ ತಂದು ಮೇಜಿನ ಮೇಲಿಟ್ಟಳು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರನ್ನು ಗುಂಡುಪಿನ್ನಿನಿಂದ ಚುಚ್ಚಿದ್ದರು. ಅರ್ಜಿ ಕೈಬರಹದ್ದು. ಸಾಲುಗಳು ಗೆರೆ ಎಳೆದಷ್ಟು ನೆಟ್ಟಗಿದ್ದವು.

ಅರ್ಜಿದಾರರು ನಿವೃತ್ತ ಬಸ್ ಕಂಡಕ್ಟರ್. ಕಮಲಾಪುರದಲ್ಲಿ ಹೆದ್ದಾರಿ ಪಕ್ಕ ಟೈರ್ ಅಂಗಡಿಯವರು, ಚಹಾ ಹೋಟೆಲಿನವರು, ಒಬ್ಬ ನರ್ಸಮ್ಮ, ಇನ್ನೂ ಕೆಲವರು ಸೇರಿಕೊಂಡು ರಸ್ತೆ ಅಪಘಾತದಲ್ಲಿ ಬಿದ್ದವರನ್ನು ದವಾಖಾನೆಗೆ ಮುಟ್ಟಿಸುವ ಕೆಲಸ ಮಾಡುತ್ತಿದ್ದರಂತೆ. ಅದಕ್ಕೊಂದು ಸಂಘ ಮಾಡಿಕೊಂಡು ನೋಂದಣಿಗೆ ಹಾಕಿದ್ದರು. ಚೀಟಿಯಲ್ಲಿ ಬರೆದ ಗಡುವು ಮುಗಿದು ಎಂಟು ತಿಂಗಳಾಗಿತ್ತು. ಅರ್ಜಿಯಲ್ಲಿ ಕೇಳಿದ್ದು ಮೂರೇ ಪ್ರಶ್ನೆ. ನಮ್ಮ ಸಂಘದ ನೋಂದಣಿ ಇನ್ನೂ ಯಾಕೆ ಆಗಿಲ್ಲ? ನಮ್ಮ ಕಡತ ಇಲ್ಲಿಯವರೆಗೆ ಯಾರ ಯಾರ ಹತ್ತಿರ ಎಷ್ಟು ದಿನ ಇತ್ತು, ಅವರ ಹೆಸರು ಮತ್ತು ಹುದ್ದೆ ಏನು? ಕಡತವನ್ನು ನಾನು ಕಣ್ಣಾರೆ ನೋಡಬಹುದೇ? ಕೊನೆಗೆ, ಕೇಳದಿದ್ದರೂ ಒಂದು ಸಾಲು ಸೇರಿಸಿದ್ದರು: “ತಮ್ಮ ಮೇಲೆ ನನ್ನದೇನೂ ತಕರಾರು ಇಲ್ಲ. ಮೂರು ಸಲ ಬಂದು ಹೋದೆ, ಮುಂದಿನ ವಾರ ಬರ್ರಿ ಅಂದರು. ಕಾರಣ ಗೊತ್ತಾದರೆ ನಮ್ಮ ಜನಕ್ಕೆ ಹೇಳಲು ಬರುತ್ತದೆ.”

ಬಯ್ಗುಳ ತುಂಬಿದ ಅರ್ಜಿಗಳನ್ನು ನಾನು ಬೇರೆ ಕಚೇರಿಗಳಲ್ಲಿ ನೋಡಿದ್ದೆ. ಕೊನೆಯ ಸಾಲು ಓದಿದಾಗ ಬಯ್ದಿದ್ದರೆ ಹಗುರವಾಗುತ್ತಿತ್ತು ಅನಿಸಿತು.

ಕಲಬುರಗಿ ತಾಲ್ಲೂಕುಗಳ ಕಡತ ನೋಡುತ್ತಿದ್ದ ವಿಷಯ ನಿರ್ವಾಹಕರು ನನಗಿಂತ ಹದಿನೈದು ವರ್ಷ ಹಿರಿಯರು. ಪ್ರಥಮ ದರ್ಜೆ ಸಹಾಯಕರಾಗಿಯೇ ನಿವೃತ್ತಿಯ ಹತ್ತಿರ ಬಂದಿದ್ದರು. ಬಿಳಿ ಅಂಗಿ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮೆಲುದನಿ. ನಾನು ದ್ವಿತೀಯ ದರ್ಜೆ ಸಹಾಯಕಿಯಾಗಿ ನೌಕರಿಗೆ ಸೇರಿದ ಹೊಸದರಲ್ಲಿ ಟಿಪ್ಪಣಿ ಹಾಳೆ ಬರೆಯುವುದು ಹೇಗೆ ಎಂದು ಕಲಿಸಿದವರೂ ಅವರೇ. ಈಗ ನಾನು ಅವರ ಮೇಲಧಿಕಾರಿ. ಅದಕ್ಕೆ ಇಬ್ಬರಿಗೂ ಸಂಕೋಚ. ನಾನು ಅವರನ್ನು ಸರ್ ಎನ್ನುವುದನ್ನು ಬಿಟ್ಟಿರಲಿಲ್ಲ, ಅವರು ನನ್ನನ್ನು ಮೇಡಂ ಎನ್ನತೊಡಗಿದ್ದರು.

“ಸರ್, ಕಮಲಾಪುರದ್ದೊಂದು ಕಡತ. ಅಪಘಾತದವರಿಗೆ ನೆರವು ಕೊಡೋ ಸಂಘ.”

“ಹೌದ್ರಿ ಮೇಡಂ. ಪರಿಶೀಲನೆಯೊಳಗ ಅದ.”

“ಎಂಟು ತಿಂಗಳಾತಲ್ರಿ ಗಡುವು ಮುಗಿದು.”

“ಈ ವಾರ ಮಂಡಿಸ್ತೀನ್ರಿ.”

ಆ ವಾರ ಹೋಯಿತು, ಇನ್ನೊಂದು ವಾರವೂ ಹೋಯಿತು. ಉತ್ತರ ಕೊಡಲು ಕಾನೂನು ನನಗೆ ಕೊಟ್ಟದ್ದು ಮೂವತ್ತು ದಿನ. ನಾನು ಮತ್ತೆ ಕೇಳಿದೆ. ಅವರು ಮತ್ತೆ ಅದೇ ಮೆಲುದನಿಯಲ್ಲಿ ಅದನ್ನೇ ಹೇಳಿದರು.

ನನಗೆ ಅರ್ಥವಾಗದೆ ಉಳಿದದ್ದು ಇನ್ನೊಂದು. ಗಡುವು ಮೀರಿದ ಅರ್ಜಿಗಳ ಪಟ್ಟಿ ಪ್ರತಿ ತಿಂಗಳು ಕಂಪ್ಯೂಟರಿನಿಂದ ಬರುತ್ತದೆ. ಅದರಲ್ಲಿ ಈ ಸಂಘದ ಹೆಸರೇ ಇರಲಿಲ್ಲ. ಆಪರೇಟರ್ ಹೆಣ್ಣುಮಗಳನ್ನು ಕೂರಿಸಿಕೊಂಡು ಸ್ವೀಕೃತಿ ಸಂಖ್ಯೆ ಹಾಕಿ ನೋಡಿಸಿದೆ. ಪರದೆಯ ಮೇಲೆ ‘ಆಕ್ಷೇಪಣೆ: ದಾಖಲೆ ಕೊರತೆ’ ಎಂದು ಬಂತು. ದಾಖಲೆ ಕಡಿಮೆ ಇದೆ ಎಂದು ಅರ್ಜಿದಾರರಿಗೆ ತಿಳಿಸಿದರೆ ಅವರು ಅದನ್ನು ಕೊಡುವವರೆಗೆ ದಿನಗಳ ಲೆಕ್ಕ ನಿಲ್ಲುತ್ತದೆ. ಆದರೆ ಹೊರಹೋಗುವ ಪತ್ರಗಳನ್ನು ಬರೆದಿಡುವ ಜಾವಕ ವಹಿಯಲ್ಲಿ ಕಮಲಾಪುರಕ್ಕೆ ಹೋದ ಅಂಥ ಪತ್ರವೇ ಇರಲಿಲ್ಲ.

“ಇದನ್ನ ಹಾಕು ಅಂತ ಯಾರು ಹೇಳಿದ್ರವ್ವಾ?” ಎಂದು ಕೇಳಿದೆ.

ಆಕೆ ತಲೆ ತಗ್ಗಿಸಿ ಹಿರಿಯರ ಮೇಜಿನ ಕಡೆ ನೋಡಿದಳು. “ಪತ್ರ ನಾಳೆ ಕಳಸ್ತೀನಿ, ನೀ ಇವತ್ತ ಹಾಕಿಬಿಡು ಅಂದಿದ್ರಿ.”

ನನಗೆ ಸಿಟ್ಟು ಬಂತು. ಕಲಿಸಿದವರು ಹೀಗೆ ಮಾಡಿದರಲ್ಲ ಎಂಬ ಸಿಟ್ಟು. ಹೋಗಿ ನಮ್ಮ ಸಾಹೇಬರಿಗೆ ಹೇಳಿದೆ. ನೋಂದಣಿಯ ಸಹಿ ಅವರದೇ. ನನ್ನ ಉತ್ತರ ಒಪ್ಪಿಗೆಯಾಗದಿದ್ದರೆ ಅರ್ಜಿದಾರರು ಮೇಲ್ಮನವಿ ಹಾಕಬೇಕಾದದ್ದೂ ಅವರ ಹತ್ತಿರವೇ. ಅವರು ಅರ್ಜಿ ಓದಿ, ಮೊದಲ ಪ್ರಶ್ನೆಯ ಕೆಳಗೆ ಪೆನ್ಸಿಲ್‌ನಿಂದ ಗೆರೆ ಹಾಕಿದರು.

“ಯಾಕೆ ಅಂತ ಕೇಳ್ಯಾರಲ್ಲ, ಅದು ಮಾಹಿತಿ ಅಲ್ಲ. ದಾಖಲೆಯೊಳಗ ಏನದ ಅಷ್ಟೇ ಕೊಡಬೇಕಾದದ್ದು. ಕಾರಣ ಹುಡುಕಿ ವಿವರಣೆ ಬರೆದು ಕೊಡೋದು ನಮ್ಮ ಕೆಲಸ ಅಲ್ಲ. ‘ಕಡತ ಪರಿಶೀಲನೆಯಲ್ಲಿದೆ’ ಅಂತ ಬರೆದು ಕಳಸ್ರಿ. ಆಮ್ಯಾಲ ಜಲ್ದಿ ಕಡತ ಮುಗಿಸ್ರಿ.”

ಅವರು ಹೇಳಿದ್ದರಲ್ಲಿ ಕಾನೂನಿನ ತಪ್ಪೇನೂ ಇರಲಿಲ್ಲ. ಕಡತದಲ್ಲಿ ಬರೆದಿಲ್ಲದ ಕಾರಣವನ್ನು ಮಾಹಿತಿ ಅಧಿಕಾರಿ ಹುಟ್ಟಿಸಿ ಬರೆಯಬೇಕಿಲ್ಲ. ಎಷ್ಟೋ ಕಚೇರಿಗಳಿಂದ ಇಂಥ ಉತ್ತರಗಳು ಹೋಗುತ್ತವೆ, ಪಡೆದವರು ಇನ್ನೇನು ಕೇಳಬೇಕೆಂದು ತಿಳಿಯದೆ ಸುಮ್ಮನಾಗುತ್ತಾರೆ. ಆದರೆ ಉಳಿದ ಎರಡು ಪ್ರಶ್ನೆಗಳು ಇದ್ದವಲ್ಲ. ಕಡತ ಯಾರ ಹತ್ತಿರ ಇತ್ತು ಎನ್ನುವುದು ದಾಖಲೆಯಲ್ಲಿರುವ ಸಂಗತಿ. ಕಡತ ನೋಡುವುದು ಅವರ ಹಕ್ಕು. ‘ಪರಿಶೀಲನೆಯಲ್ಲಿದೆ’ ಎಂದು ಬರೆದು ನಾನು ಸಹಿ ಮಾಡಿದರೆ, ಯಾರೂ ಪರಿಶೀಲಿಸದ ಕಡತವನ್ನು ಪರಿಶೀಲಿಸುತ್ತಿದ್ದೇವೆ ಎಂದು ನಾನೇ ಹೇಳಿದಂತಾಗುತ್ತದೆ.

“ನಾ ಮೊದಲ ಕಡತ ನೋಡ್ತೀನಿ ಸರ್” ಎಂದು ಹೊರಗೆ ಬಂದೆ.

ಅಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಎಲ್ಲರೂ ಹೋದ ಮೇಲೆ ಹಿರಿಯರು ಒಬ್ಬರೇ ಕೂತಿದ್ದರು. ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಕಡತ ಈಗಲೇ ತೆಗೆಯಿರಿ ಎಂದೆ. ಅವರು ಎದ್ದು ಕಪಾಟಿನ ಬಾಗಿಲು ತೆಗೆದರು. ಒಳಗೆ ಕೆಂಪು ದಾರದಿಂದ ಕಟ್ಟಿದ ಕಡತಗಳ ಸಾಲು. ಅವರು ಅವುಗಳ ಮೇಲೆ ಕೈಯಾಡಿಸಿದರು. ಬೆನ್ನ ಮೇಲಿನ ಹೆಸರು ಓದಲಿಲ್ಲ. ದಪ್ಪ ಎಷ್ಟಿದೆ, ಯಾವ ಜಾಗದಲ್ಲಿದೆ ಎಂದು ಬೆರಳಿನಿಂದ ನೋಡುತ್ತ ಹೋಗಿ, ಒಂದು ಕಡತದ ಮೇಲೆ ಕೈ ನಿಲ್ಲಿಸಿ, ಹೊರಗೆಳೆದು ನನ್ನ ಕೈಗೆ ಕೊಟ್ಟರು. ಅದು ಚಿತ್ತಾಪುರದ ಒಂದು ಯುವಕ ಸಂಘದ್ದು.

“ಸರ್, ಇದು ಚಿತ್ತಾಪುರದ್ದು.”

ನಾನು ಕಡತ ಬಿಚ್ಚಿ ನಿಯಮಾವಳಿಯ ಪುಟ ತೆರೆದು ಅವರ ಮುಂದೆ ಇಟ್ಟೆ. ಕಪ್ಪಾದ ಝೆರಾಕ್ಸ್ ಪ್ರತಿ, ಸಣ್ಣ ಅಕ್ಷರ. ಅವರು ಮುಖವನ್ನು ಒಂದು ಪಕ್ಕಕ್ಕೆ ವಾಲಿಸಿ, ಕಣ್ಣಿನ ಕೊನೆಯಿಂದ ನೋಡಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಓದಲಾಕ ಬರವಲ್ದು ಮೇಡಂ.”

ಹೊರಗೆ ಜಗತ್ ವೃತ್ತದ ಕಡೆಯಿಂದ ಬರುವ ವಾಹನಗಳ ಹಾರ್ನ್ ಒಂದೇ ಸಮನೆ ಕೇಳುತ್ತಿತ್ತು.

ಸಕ್ಕರೆ ಕಾಯಿಲೆ ಬಹಳ ವರ್ಷದ್ದು. ಮೊದಲು ಎಡಗಣ್ಣು ಮಬ್ಬಾಯಿತು. ಬಲಗಣ್ಣಿನಿಂದ ನಡೆಸಿಕೊಂಡು ಹೋದರು. ಎರಡು ವರ್ಷದ ಹಿಂದೆ ಅದೂ ಹಾಗೇ ಆಯಿತು. “ನಡಬರಕ ಒಂದು ಕರೀ ಮೋಡ ನಿಂತಂಗ. ಬಾಜೂಕ ಸ್ವಲ್ಪ ಕಾಣ್ತದ. ಅಕ್ಷರ ನೀರಾಗ ತೇಲಿದಂಗ ಆಗ್ತಾವ” ಎಂದು ಹೇಳಿದರು. ಟೈಪ್ ಮಾಡಿದ ದೊಡ್ಡ ಅಕ್ಷರದ ಕಡತಗಳನ್ನು ಹೇಗೋ ಮುಗಿಸುತ್ತಿದ್ದರು. ಕೆಲವನ್ನು ಮನೆಗೆ ಒಯ್ದು ಹೆಂಡತಿಯಿಂದ ಓದಿಸಿದ್ದರು. ಕಡತ ಮನೆಗೆ ಒಯ್ಯುವುದು ತಪ್ಪು ಎಂಬ ಅಂಜಿಕೆಯಿಂದ ಅದನ್ನೂ ಬಿಟ್ಟರು. ಉದ್ದನೆಯವು, ಕೈಬರಹದವು, ಝೆರಾಕ್ಸ್ ಮಸುಕಾದವು ಕಪಾಟಿನಲ್ಲಿ ಉಳಿದವು. ಕಮಲಾಪುರದ್ದೂ ಅವುಗಳ ನಡುವೆಯೇ ಇತ್ತು, ನಾನೇ ಹುಡುಕಿ ತೆಗೆದೆ.

“ಯಾರಿಗೂ ಯಾಕ ಹೇಳಲಿಲ್ರಿ ಸರ್?”

“ಕಣ್ಣಿಲ್ಲದ ಗುಮಾಸ್ತಗ ಯಾರು ನೌಕರಿ ಕೊಡ್ತಾರ್ರಿ? ಮನಿಗಿ ಕಳಸ್ತಾರ. ನನಗಿನ್ನ ಎರಡು ವರ್ಷ ಅದಾವ. ಹೆಂಗರ ಮಾಡಿ ದಾಟಸೋಣ ಅಂದ್ಕೊಂಡಿದ್ದೆ.” ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು: “ಆಕ್ಷೇಪಣೆ ಅಂತ ಹಾಕಿಸಿದ್ದು ಮಾತ್ರ ಖರೇನೇ ತಪ್ಪು. ಅದಕ್ಕ ಕಣ್ಣಿನ ನೆವ ಹೇಳಂಗಿಲ್ಲ.”

ನನ್ನ ಸಿಟ್ಟು ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಕಮಲಾಪುರದಿಂದ ಮೂರು ಸಲ ಬಸ್ಸಿಗೆ ಬಂದು ಹೋದ ಮನುಷ್ಯನೂ ನನ್ನ ಕಣ್ಣ ಮುಂದೆ ಇದ್ದರು. ಆದರೆ ಇವರು ಎರಡು ವರ್ಷ ದಿನಾ ಬೆಳಿಗ್ಗೆ ಎದ್ದು, ವಿಭೂತಿ ಹಚ್ಚಿಕೊಂಡು, ಕಾಣದ ಕಾಗದಗಳ ಮುಂದೆ ಬಂದು ಕೂತು, ಯಾರಿಗೂ ಗೊತ್ತಾಗದಂತೆ ಸಂಜೆಯವರೆಗೆ ದಿನ ದೂಡಿದ್ದನ್ನು ನೆನೆದರೆ ಆ ಸಿಟ್ಟನ್ನು ಹಿಡಿದಿಟ್ಟುಕೊಳ್ಳಲೂ ಆಗುತ್ತಿರಲಿಲ್ಲ.

ಆ ದಿನ ಜೇವರ್ಗಿ ಕಾಲೋನಿಯ ಮನೆಗೆ ಹೋದ ಮೇಲೆ ಅಡುಗೆ ಮಾಡುತ್ತಲೇ ಉತ್ತರದ ಯೋಚನೆ ಮಾಡಿದೆ. ಹೆಸರು ಮತ್ತು ಹುದ್ದೆ ಕೇಳಿದ್ದಾರೆ, ಅದನ್ನು ಮುಚ್ಚಿಡುವಂತಿಲ್ಲ. ಸರ್ಕಾರಿ ಕಡತ ಯಾರ ಮೇಜಿನ ಮೇಲಿತ್ತು ಎನ್ನುವುದು ಗುಟ್ಟಲ್ಲ. ಆದರೆ ಆ ಮನುಷ್ಯನ ಕಣ್ಣಿನ ಕಾಯಿಲೆ ಅವರ ಸ್ವಂತದ್ದು. ಯಾರದೇ ರೋಗದ ವಿವರವನ್ನು ಮಾಹಿತಿ ಎಂದು ಕೊಡಲು ಕಾನೂನು ನನಗೆ ಬಿಡುವುದಿಲ್ಲ. ಹೆಸರು ಮಾತ್ರ ಬರೆದರೆ ಏನಾಗುತ್ತದೆ? ಇಂಥ ಹೆಸರಿನ ಪ್ರಥಮ ದರ್ಜೆ ಸಹಾಯಕರ ಹತ್ತಿರ ಕಡತ ಇಷ್ಟು ತಿಂಗಳು ಇತ್ತು, ಏನೂ ಟಿಪ್ಪಣಿ ಬರೆದಿಲ್ಲ ಎಂದಷ್ಟೇ ಆಗುತ್ತದೆ. ಓದಿದವರು ಸೋಮಾರಿ ಎನ್ನುತ್ತಾರೆ, ಇಲ್ಲವೇ ಲಂಚಕ್ಕೆ ಕಾಯುತ್ತಿದ್ದ ಎನ್ನುತ್ತಾರೆ. ಆ ಮನುಷ್ಯ ಇಡೀ ನೌಕರಿಯಲ್ಲಿ ಯಾರಿಂದಲೂ ಒಂದು ಕಪ್ ಚಹಾ ಕುಡಿದವರಲ್ಲ.

ಮರುದಿನ ಇದನ್ನು ಹಿರಿಯರಿಗೇ ಹೇಳಿದೆ. ಅವರು, “ಹೆಸರು ಬರೀರಿ ಮೇಡಂ. ಇದ್ದದ್ದು ಇದ್ದಂಗ ಬರೀರಿ” ಅಂದರು.

ಸಾಹೇಬರಿಗೂ ಹೇಳಬೇಕಾಗಿತ್ತು. ಇಬ್ಬರೂ ಕೂಡಿಯೇ ಹೋದೆವು. ಹೋಗುವ ಮುಂಚೆ ನಾನು ಅಂಗವಿಕಲರ ಹಕ್ಕುಗಳ ಕಾನೂನು ತೆಗೆದು ಓದಿಕೊಂಡಿದ್ದೆ. ನೌಕರಿಯಲ್ಲಿದ್ದಾಗ ದೃಷ್ಟಿ ಕಳೆದುಕೊಂಡವರನ್ನು ಅದೇ ಕಾರಣಕ್ಕೆ ತೆಗೆದುಹಾಕುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. ಇದನ್ನು ಓದಿ ಹೇಳಿದಾಗ ಹಿರಿಯರು ನನ್ನ ಕಡೆ ತಿರುಗಿ, “ಹಂಗ ಅದಾ?” ಎಂದು ಕೇಳಿದ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ. ಎರಡು ವರ್ಷ ಅವರು ಅಂಜಿದ್ದು ಕಾನೂನಿನಲ್ಲಿ ಇಲ್ಲದ ಒಂದು ಸಂಗತಿಗೆ.

ಸಾಹೇಬರು ಮೊದಲು ಗರಂ ಆದರು. “ನಿಮ್ಮ ಕಣ್ಣಿನ ತೊಂದರಿ ತಿಳೀತದ. ಆದರ ಕಂಪ್ಯೂಟರದಾಗ ಸುಳ್ಳು ಹಾಕಿಸಿದ್ದಕ್ಕ ನಾ ನೋಟಿಸ್ ಕೊಡಲೇಬೇಕು” ಅಂದರು. ಹಿರಿಯರು ಕೊಡಿ ಎಂದರು. ಆಮೇಲೆ ಸಾಹೇಬರೇ ಗಂಟೆ ಒತ್ತಿ ಮೂವರಿಗೂ ಚಹಾ ಹೇಳಿ, ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಯಾವಾಗ ಹೋಗುತ್ತೀರಿ ಎಂದು ಕೇಳಿದರು.

ನಾನು ಉತ್ತರ ಬರೆದೆ. ನಿಮ್ಮ ಕಡತ ಅರ್ಜಿ ಬಂದ ವಾರದಿಂದ ಇಂದಿನವರೆಗೆ ಇಂಥ ವಿಷಯ ನಿರ್ವಾಹಕರ ಬಳಿ ಇದೆ. ಕಡತದಲ್ಲಿ ಯಾವ ಟಿಪ್ಪಣಿಯೂ ಇಲ್ಲದ ಕಾರಣ ವಿಳಂಬದ ಕಾರಣವೂ ದಾಖಲಾಗಿಲ್ಲ. ತಂತ್ರಾಂಶದಲ್ಲಿ ಆಕ್ಷೇಪಣೆ ಎಂದು ನಮೂದಾಗಿದ್ದರೂ ಅಂಥ ಪತ್ರ ನಿಮಗೆ ಕಳಿಸಿರುವುದಿಲ್ಲ. ಕಚೇರಿ ವೇಳೆಯಲ್ಲಿ ಬಂದು ಕಡತ ಪರಿಶೀಲಿಸಬಹುದು. ಇಷ್ಟರಲ್ಲಿ ನಿಮಗೆ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಹಾಕಬೇಕು ಎಂಬುದನ್ನೂ ಬರೆದೆ. ಕಚೇರಿಯ ತಪ್ಪನ್ನು ಕಚೇರಿಯ ಕಾಗದದ ಮೇಲೆ ಬರೆದು ನನಗೆ ರೂಢಿ ಇರಲಿಲ್ಲ.

ಪತ್ರ ಮುಟ್ಟಿದ ಮೂರು ನಾಲ್ಕು ದಿನಕ್ಕೆ ಅರ್ಜಿದಾರರು ಬಂದರು. ಖಾದಿ ಅಂಗಿ, ಬಗಲಲ್ಲಿ ಚೀಲ, ಕಂಡಕ್ಟರುಗಳಿಗೆ ಇರುವಂಥ ಗಟ್ಟಿ ಗಂಟಲು. ಬಾಗಿಲಲ್ಲೇ ನಿಂತು, “ಕಮಲಾಪುರದವ ರೀ ನಾನು. ಕಾಗದ ಬರದಿದ್ರಿ” ಅಂದರು. ಕೂರಿಸಿ ಕಡತ ಮುಂದಿಟ್ಟೆ. ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದರು. ತಮ್ಮದೇ ಅರ್ಜಿ, ತಮ್ಮದೇ ನಿಯಮಾವಳಿ, ಏಳು ಜನರ ಸಹಿ. ಆಮೇಲೆ ಟಿಪ್ಪಣಿ ಹಾಳೆ. ಅದರಲ್ಲಿ ‘ಅರ್ಜಿ ಸ್ವೀಕರಿಸಿದೆ’ ಎಂಬ ಸಾಲಿನ ಕೆಳಗೆ ಖಾಲಿ.

“ಏನೂ ಇಲ್ಲಲ್ರಿ ಇದರಾಗ.”

“ಇಲ್ರಿ.”

“ಯಾರರ ಬ್ಯಾಡ ಅಂದಾರ, ಇಲ್ಲಾ ನಾವ ಏನರ ತಪ್ಪ ಬರದೀವಿ ಅಂದ್ಕೊಂಡಿದ್ದಿವ್ರಿ. ನಮ್ಮ ಹುಡುಗೂರು, ಕೈ ಬೆಚ್ಚಗ ಮಾಡ್ಬೇಕಿತ್ತು ಅಂತ ನನ್ನ ಮ್ಯಾಲ ಸಿಟ್ಟಾಗ್ಯಾರ. ನಾ ಕೊಡಂಗಿಲ್ಲ ಅಂದೆ.” ಅವರು ನನ್ನ ಪತ್ರ ಬಿಚ್ಚಿ ಹೆಸರಿನ ಮೇಲೆ ಬೆರಳಿಟ್ಟರು. “ಇವರು ಇವತ್ತ ಅದಾರೇನ್ರಿ? ಜಗಳಕ್ಕ ಅಲ್ರಿ. ಒಂದ ಮಾತ ಕೇಳಬೇಕಾಗ್ಯದ.”

ನಾನು ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಹಿರಿಯರು ತಮ್ಮ ಮೇಜಿನಿಂದ ಎದ್ದು ಬಂದಿದ್ದರು. ಗೋಡೆಗೆ ಕೈ ತಾಗಿಸಿಕೊಂಡು ಬಂದು ನನ್ನ ಮೇಜಿನ ಪಕ್ಕ ನಿಂತರು.

“ನಾನೇ ರೀ ಅದು.”

ಕಂಡಕ್ಟರ್ ಎದ್ದು ನಿಂತರು. ಇಬ್ಬರೂ ಸರಿಸುಮಾರು ಒಂದೇ ವಯಸ್ಸಿನವರು.

“ನೀವು ಮೂರು ಸಲ ಬಂದಾಗೂ ಮುಂದಿನ ವಾರ ಬರ್ರಿ ಅಂದವ ನಾನೇ. ನನಗ ಕಣ್ಣ ಕಾಣವಲ್ದು ರೀ. ನಿಮ್ಮ ನಿಯಮಾವಳಿ ಸಣ್ಣ ಅಕ್ಷರದಾಗಿತ್ತು, ಓದಲಾಕ ಆಗಲಿಲ್ಲ. ಆಗಲಿಲ್ಲ ಅಂತ ಹೇಳಲಾಕ ಧೈರ್ಯ ಸಾಲಲಿಲ್ಲ. ಮೇಡಂ ಅವರು ಇದನ್ನ ಬರೆಯಂಗಿಲ್ಲ, ಅದಕ್ಕ ನಾ ಬಾಯಿಲೆ ಹೇಳಾಕತ್ತೀನಿ. ನಿಮ್ಮ ಕಾಗದದಾಗ ಯಾವ ತಪ್ಪೂ ನಾ ಕಂಡಿದ್ದಿಲ್ಲ. ಯಾಕಂದ್ರ ನಾ ಅದನ್ನ ನೋಡೇ ಇಲ್ಲ.”

ಕಚೇರಿಯ ಉಳಿದ ಮೇಜುಗಳಲ್ಲಿ ಕೆಲಸ ನಿಂತಿತ್ತು. ಅವರು ಎಲ್ಲರೆದುರೇ ಹೇಳಿದ್ದರು.

ಕಂಡಕ್ಟರ್ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಅವರ ಮುಖದಲ್ಲಿ ಸಿಟ್ಟು ಬಂದು ಹೋದದ್ದು ನನಗೆ ಕಂಡಿತು. “ಹುಮನಾಬಾದ ಕಡೆ ಒಬ್ಬ ಪುಣ್ಯಾತ್ಮರು ಒಂದು ಹಳೇ ವ್ಯಾನ್ ಕೊಡ್ತೀನಿ ಅಂದಿದ್ರು ರೀ. ರಿಜಿಸ್ಟರ್ ಆದ ಸಂಘಕ್ಕ ಮಾತ್ರ. ಆರು ತಿಂಗಳು ದಾರಿ ನೋಡಿ ಬ್ಯಾರೆ ಊರವರಿಗಿ ಕೊಟ್ರು. ಆ ಮ್ಯಾಲ ಒಂದು ದಿನ ಟಂಟಂ ಆಟೋದಾಗ ಒಬ್ಬವನ್ನ ಮಲಗಿಸಿಕೊಂಡು ಬಂದೀವಿ. ದಾರಿತುಂಬಾ ಅವನ ತಲಿ ನನ್ನ ತೊಡಿ ಮ್ಯಾಲಿತ್ತು.”

“ಬದುಕಿದನ್ರಿ?” ಹಿರಿಯರು ಕೇಳಿದರು.

“ಬದುಕ್ಯಾನ. ಕಾಲು ಹೋತು.”

ಹಿರಿಯರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಆಗ ಕಂಡಕ್ಟರೇ ಅವರ ಮೊಣಕೈ ಹಿಡಿದು ತಾವು ಕೂತಿದ್ದ ಕುರ್ಚಿಯಲ್ಲಿ ಕೂರಿಸಿದರು. ಬಸ್ಸಿನಲ್ಲಿ ವಯಸ್ಸಾದವರನ್ನು ಸೀಟಿಗೆ ಕೂರಿಸಿ ಕೂರಿಸಿ ಬಂದ ರೂಢಿಯಿರಬೇಕು.

“ನನ್ನ ಹೆಂಡತಿಗೂ ಸಕ್ಕರಿ ಅದ ರೀ” ಎಂದರು. “ಕಾಣವಲ್ದು ಅಂತ ಆಕೀನೂ ಹೇಳಲಿಲ್ಲ. ಆರಿಸಿದ ಜ್ವಾಳದಾಗೂ ಕಲ್ಲು ಹಳ್ಳು ಉಳೀಲಾಕತ್ತ ಮ್ಯಾಲ ನಮಗ ಗೊತ್ತಾತು.”

ಆಮೇಲೆ ನಾನು ಕಂಡಕ್ಟರಿಗೆ ಹೇಳಬೇಕಾದ್ದನ್ನು ಹೇಳಿದೆ. ಗಡುವು ಮೀರಿದ್ದಕ್ಕೆ ನೀವು ಮೇಲಿನವರಿಗೆ ಮನವಿ ಹಾಕಿ ಪರಿಹಾರ ಕೇಳಬಹುದು, ಅದು ತಡಮಾಡಿದವರ ಸಂಬಳದಿಂದ ಹೋಗುತ್ತದೆ, ಅದು ನಿಮ್ಮ ಹಕ್ಕು ಎಂದೆ. ಹಿರಿಯರೂ ಹೌದು ಎಂದು ತಲೆಯಾಡಿಸಿದರು. ಕಂಡಕ್ಟರ್, “ಅದೆಲ್ಲ ಬ್ಯಾಡ್ರಿ. ಇವತ್ತ ನಮ್ಮ ಕಡತ ಓದ್ರಿ. ಓದೂತನಕ ನಾ ಇಲ್ಲೇ ಕೂಡ್ತೀನಿ” ಅಂದರು. ಅದರಲ್ಲಿ ಔದಾರ್ಯವೂ ಇತ್ತು, ಇನ್ನು ನಿಮ್ಮ ಮಾತಿನ ಮೇಲೆ ಬಿಟ್ಟು ಹೋಗುವುದಿಲ್ಲ ಎಂಬುದೂ ಇತ್ತು. ಎರಡೂ ನನಗೆ ಸರಿ ಕಂಡವು.

ಹಾಗಾಗಿ ಅಂದು ನಾನು ಜೋರಾಗಿ ಓದಿದೆ, ಹಿರಿಯರು ಕೇಳಿದರು. ಸಂಘದ ಉದ್ದೇಶ, ಸದಸ್ಯತ್ವ, ವಾರ್ಷಿಕ ಸಭೆ, ಲೆಕ್ಕಪತ್ರ. ಮಧ್ಯೆ ಮಧ್ಯೆ ಅವರು “ಆ ಕಲಮು ಇನ್ನೊಮ್ಮೆ ಓದ್ರಿ” ಅನ್ನುತ್ತಿದ್ದರು. ಸಿಕ್ಕ ಕೊರತೆ ಒಂದೇ. ಸಂಘದ ಕಚೇರಿಯ ವಿಳಾಸ ಟೈರ್ ಅಂಗಡಿಯದು, ಅಂಗಡಿಯ ಮಾಲೀಕರ ಒಪ್ಪಿಗೆ ಪತ್ರ ಇರಲಿಲ್ಲ. ಅರ್ಜಿ ಬಂದ ವಾರವೇ ಯಾರಾದರೂ ಓದಿದ್ದರೆ ಒಂದು ಫೋನಿನಲ್ಲಿ ಮುಗಿಯುವ ಮಾತು. ಹಿರಿಯರು ಬಾಯಲ್ಲಿ ಹೇಳುತ್ತ ಹೋದರು, ನಾನು ಟಿಪ್ಪಣಿ ಬರೆದೆ, ತಮ್ಮ ಸಹಿ ಮಾತ್ರ ಅವರೇ ಮಾಡಿದರು. ನಾನು ಅವರ ಬೆರಳನ್ನು ಜಾಗಕ್ಕೆ ಮುಟ್ಟಿಸಿ ತೋರಿಸಿದೆ.

ಮರುದಿನ ಕಂಡಕ್ಟರ್ ಮೊದಲ ಬಸ್ಸಿಗೇ ಒಪ್ಪಿಗೆ ಪತ್ರ ತಂದರು. ಅದೇ ವಾರ ಸಾಹೇಬರು ಸಹಿ ಮಾಡಿದರು. ಪ್ರಮಾಣಪತ್ರ ಒಯ್ಯಲು ಬಂದಾಗ ಅವರ ಜೊತೆ ಟೈರ್ ಅಂಗಡಿಯವರೂ ಆ ನರ್ಸಮ್ಮನೂ ಬಂದಿದ್ದರು. ಟೈರ್ ಅಂಗಡಿಯವರು ಹಿರಿಯರ ಕಡೆ ನೋಡಿ ನಗಲಿಲ್ಲ, ಮಾತೂ ಆಡಲಿಲ್ಲ. ವ್ಯಾನ್ ಕೈತಪ್ಪಿದ್ದು ಅವರಿಗೆ ಇನ್ನೂ ನೋಯುತ್ತಿತ್ತು. ನರ್ಸಮ್ಮ ಮಾತ್ರ ಅವರ ಪಕ್ಕ ಕೂತು, ಸಕ್ಕರೆ ಎಷ್ಟಿದೆ, ಯಾವ ಗುಳಿಗೆ, ಕಾಲು ಜುಮುಗುಡುತ್ತದೆಯೇ ಎಂದು ಕೇಳಿಕೊಂಡಳು.

ಕಪಾಟಿನಲ್ಲಿದ್ದ ಉಳಿದ ಕಡತಗಳನ್ನು ನಾವು ಹಂಚಿಕೊಂಡು ಮುಗಿಸಿದೆವು. ಅದಕ್ಕೆ ಎರಡು ತಿಂಗಳು ಹಿಡಿಯಿತು. ಅವುಗಳ ಅರ್ಜಿದಾರರಲ್ಲಿ ಕೆಲವರು ನೋಂದಣಿಯ ಆಸೆಯನ್ನೇ ಬಿಟ್ಟಿದ್ದರು. ಚಿತ್ತಾಪುರದ ಯುವಕರಲ್ಲಿ ಅರ್ಧ ಜನ ದುಡಿಯಲು ಊರು ಬಿಟ್ಟಿದ್ದರು. ಅವರೆಲ್ಲ ಯಾಕೆ ಎಂದು ಕೇಳಿರಲಿಲ್ಲ.

ಹಿರಿಯರಿಗೆ ನೋಟಿಸ್ ಬಂತು. ಉತ್ತರ ಕೊಟ್ಟರು. ಎಚ್ಚರಿಕೆಯ ಪತ್ರವೊಂದು ಅವರ ಸೇವಾ ಕಡತಕ್ಕೆ ಸೇರಿತು. ಆಸ್ಪತ್ರೆಯಲ್ಲಿ ಲೇಸರ್ ಚಿಕಿತ್ಸೆ ಮಾಡಿದರು. ಹೋದ ದೃಷ್ಟಿ ಮರಳಲಿಲ್ಲ, ಉಳಿದದ್ದು ಇನ್ನಷ್ಟು ಹೋಗದಂತೆ ನಿಂತಿತು. ಇನ್ನೂ ಮುಂಚೆ ಬರಬೇಕಿತ್ತು ಎಂದು ಡಾಕ್ಟರು ಹೇಳಿದರಂತೆ. ಸಾಹೇಬರು ಅವರನ್ನು ವಿಚಾರಣೆಯ ಮೇಜಿಗೆ ಹಾಕಿದರು. ಬಂದವರಿಗೆ ಯಾವ ದಾಖಲೆ ಬೇಕು, ನಿಯಮಾವಳಿಯಲ್ಲಿ ಏನೇನು ಇರಬೇಕು ಎಂದು ಬಾಯಲ್ಲಿ ಹೇಳುವ ಕೆಲಸ. ನಿವೃತ್ತಿಯ ದಿನದವರೆಗೆ ಅಲ್ಲೇ ಕೂತರು. ಹೆಂಡತಿ ಬೆಳಿಗ್ಗೆ ಕೈಹಿಡಿದು ಕರೆತಂದು ಬಿಟ್ಟು, ಸಂಜೆ ಬಂದು ಕರೆದೊಯ್ಯುತ್ತಿದ್ದರು. ಕಾಣುವುದಿಲ್ಲ ಎಂಬುದನ್ನು ಮುಚ್ಚಿಡುವ ಕೆಲಸ ತಪ್ಪಿದ ಮೇಲೆ ಅವರ ಮುಖದ ಬಿಗಿ ಸಡಿಲಾಗಿತ್ತು.

ಕಮಲಾಪುರದವರಿಗೆ ವ್ಯಾನ್ ಸಿಗಲು ಮತ್ತೊಂದು ವರ್ಷ ಬೇಕಾಯಿತು. ಬೇರೆ ಯಾರೋ ಕೊಟ್ಟರು. ಅದಕ್ಕೂ ಮೊದಲು, ಸಂಘದ ಮೊದಲ ವಾರ್ಷಿಕ ಸಭೆಯ ಹೊತ್ತಿಗೆ, ಕಂಡಕ್ಟರ್ ಕಚೇರಿಗೆ ಫೋನ್ ಮಾಡಿ ಹಿರಿಯರನ್ನು ಕೇಳಿದರು. ನಾನು ಪಕ್ಕದಲ್ಲೇ ಇದ್ದೆ.

“ಹೌದ್ರಿ, ಪ್ರತಿ ವರ್ಷ ಕೊಡಬೇಕು. ಕಾರ್ಯಕಾರಿ ಮಂಡಳಿಯವರ ಪಟ್ಟಿ, ಆಡಿಟ್ ಆದ ಲೆಕ್ಕ” ಎಂದು ಇವರು ಹೇಳುತ್ತಿದ್ದರು. ಆ ಕಡೆಯಿಂದ ಏನೋ ಕೇಳಿದರು. ಇವರು ಸ್ವಲ್ಪ ನಕ್ಕರು. “ಟೈಪ್ ಮಾಡಿಸೇ ತರ್ರಿ. ಸಣ್ಣ ಅಕ್ಷರದಾಗಿದ್ರೂ ನಡೀತದ, ಈಗ ಓದವರು ಬ್ಯಾರೆ ಅದಾರ. ಆದರ ತಡ ಮಾಡಬ್ಯಾಡ್ರಿ.”

ಫೋನ್ ಇಟ್ಟ ಮೇಲೆ ಅವರು ನನ್ನ ಕಡೆ ಮುಖ ವಾಲಿಸಿ, “ಮಂಗಳವಾರ ಬರ್ತಾರಂತ ಮೇಡಂ. ಆಕೀನೂ ಕರ್ಕೊಂಡು ಬರ್ತಾರಂತ, ಹೆಂಡತೀನ. ಕಣ್ಣಿನ ಡಾಕ್ಟರಿಗಿ ತೋರಸಲಾಕ” ಅಂದರು. ಯಾವ ಬಾಗಿಲಿಂದ ಹೋಗಬೇಕು, ಚೀಟಿ ಎಲ್ಲಿ ಮಾಡಿಸಬೇಕು ಎಂದು ಹಿರಿಯರಿಗೆ ಗೊತ್ತಿತ್ತು, ಅವರ ಜೊತೆ ಹೋಗಲು ಅಂದು ಅರ್ಧ ದಿನದ ರಜೆ ಬೇಕು ಎಂದು ಕೇಳಿದರು. ನಾನು ರಜೆ ಚೀಟಿ ಬರೆದು ಓದಿ ಹೇಳಿದೆ, ಅವರು ಸಹಿ ಮಾಡಿದರು.